ಡಿಸ್ಚಾರ್ಜ್ ಸಮರಿಯ ಒಂದು ಸಾಲಿನಿಂದ ಕ್ಲೇಮ್ ತಿರಸ್ಕೃತವಾದರೆ: ಪತ್ರವನ್ನು ಓದುವುದು, ಮೇಲ್ಮನವಿ ಸಲ್ಲಿಸುವುದು

ಆರೋಗ್ಯ ವಿಮೆಯ ಬಗ್ಗೆ ಬರೆದಾಗಲೆಲ್ಲ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಆಸ್ಪತ್ರೆಯವರು ಡಿಸ್ಚಾರ್ಜ್ ಸಮರಿಯಲ್ಲಿ "ಬಿಪಿ ಇಷ್ಟು ವರ್ಷದಿಂದ ಇದೆ" ಎಂದು ಬರೆದಿದ್ದಾರೆ, ಅದನ್ನೇ ಹಿಡಿದು ವಿಮಾ ಕಂಪನಿಯು "ನೀವು ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ" ಎಂದು ಕ್ಲೇಮ್ ತಿರಸ್ಕರಿಸಿದೆ, ಈಗ ಏನು ಮಾಡಬೇಕು? ತಿರಸ್ಕಾರಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ಜನರು ಉತ್ತರ ಕೊಡಲಾಗದೆ ಸೋತು ಕೂರುವುದು ಹೆಚ್ಚಾಗಿ ಈ ಕಾರಣದ ಮುಂದೆ. ಆದ್ದರಿಂದ ಈ ಲೇಖನವನ್ನು ಇದೊಂದಕ್ಕೇ ಮೀಸಲಿಟ್ಟಿದ್ದೇನೆ. ಇಲ್ಲಿ ಹೇಳುವುದು ನೀವು ಪ್ರೀಮಿಯಂ ಕಟ್ಟಿ ಕೊಂಡ ಪಾಲಿಸಿಗಳಿಗೆ ಅನ್ವಯಿಸುತ್ತದೆಯೇ ಹೊರತು ಯಶಸ್ವಿನಿ, ಆಯುಷ್ಮಾನ್‌ನಂತಹ ಸರ್ಕಾರಿ ಯೋಜನೆಗಳಿಗಲ್ಲ. ಅವುಗಳ ದೂರಿನ ದಾರಿಯೇ ಬೇರೆ.

ಲೆಕ್ಕಗಳು ಸ್ಪಷ್ಟವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತೀರ್ಥಹಳ್ಳಿ ತಾಲ್ಲೂಕಿನ 58 ವರ್ಷದ ಅಡಿಕೆ ಬೆಳೆಗಾರರೊಬ್ಬರು 2018ರ ನವೆಂಬರ್ 18ರಂದು 3 ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿದರು. 2021ರ ನವೆಂಬರ್‌ನಲ್ಲಿ ಅದನ್ನು ಬೇರೊಂದು ಕಂಪನಿಗೆ ಪೋರ್ಟ್ ಮಾಡಿಸಿದರು, ಅಂದರೆ ಹಳೆಯ ಪಾಲಿಸಿಯ ವರ್ಷಗಳ ಲೆಕ್ಕವನ್ನು ಉಳಿಸಿಕೊಂಡೇ ಕಂಪನಿ ಬದಲಿಸಿದರು. ಆಗ ವಿಮಾ ಮೊತ್ತವನ್ನು 5 ಲಕ್ಷಕ್ಕೆ ಏರಿಸಿದರು. 2025ರ ಫೆಬ್ರವರಿ 9ರ ರಾತ್ರಿ ಎದೆನೋವು ಕಾಣಿಸಿಕೊಂಡು ಶಿವಮೊಗ್ಗದ ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಆಯಿತು. ಬಿಲ್ಲು 2,36,000 ರೂಪಾಯಿ. ಮಾರ್ಚ್ 24ರ ದಿನಾಂಕದ ತಿರಸ್ಕಾರ ಪತ್ರ ಮನೆಗೆ ಬಂತು.

ಹಂತ 1: ಬಂದಿರುವುದು ತಿರಸ್ಕಾರ ಪತ್ರವೇ ಎಂದು ಖಚಿತಪಡಿಸಿಕೊಳ್ಳಿ

ಕಂಪನಿಯಿಂದ ಬರುವ ಎಲ್ಲ ನಿರಾಶೆಯ ಪತ್ರಗಳೂ ತಿರಸ್ಕಾರವಲ್ಲ. ಆಸ್ಪತ್ರೆಯಲ್ಲಿದ್ದಾಗಲೇ "ಕ್ಯಾಶ್‌ಲೆಸ್ ನಿರಾಕರಿಸಲಾಗಿದೆ" ಎಂದು ಬಂದರೆ, ಕಂಪನಿಯು ಆಸ್ಪತ್ರೆಗೆ ನೇರವಾಗಿ ಹಣ ಕೊಡುವುದಿಲ್ಲ ಎಂದಷ್ಟೇ ಅರ್ಥ. ನೀವು ಬಿಲ್ಲು ಕಟ್ಟಿ, ಬಳಿಕ ಮರುಪಾವತಿಗೆ ಕ್ಲೇಮ್ ಹಾಕಬಹುದು. "ಕ್ವೆರಿ" ಅಥವಾ "ಡಿಫಿಷಿಯನ್ಸಿ" ಪತ್ರವಾಗಿದ್ದರೆ ಯಾವುದೋ ಕಾಗದ ಕೇಳಿದ್ದಾರೆ, ಕೊಟ್ಟರೆ ಕ್ಲೇಮ್ ಮುಂದುವರಿಯುತ್ತದೆ. "ಕ್ಲೋಸ್ಡ್" ಎಂದಿದ್ದರೆ ಕೇಳಿದ ಕಾಗದ ಬರಲಿಲ್ಲವೆಂದು ಕಡತ ಮುಚ್ಚಿದ್ದಾರೆ. ಕಾಗದ ಒದಗಿಸಿ ಅದನ್ನು ತೆರೆಸಲು ಕೋರಬಹುದು. "ರಿಪುಡಿಯೇಟೆಡ್" ಅಥವಾ "ರಿಜೆಕ್ಟೆಡ್" ಎಂದಿದ್ದರೆ ಮಾತ್ರ ಅದು ತಿರಸ್ಕಾರ.

ಕಳುಹಿಸಿದವರು ಯಾರೆಂಬುದನ್ನೂ ನೋಡಿ. ಟಿಪಿಎ ಎಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮ್ ಕಾಗದಗಳನ್ನು ಪರಿಶೀಲಿಸುವ ಮಧ್ಯವರ್ತಿ ಸಂಸ್ಥೆ. ತಿರಸ್ಕರಿಸುವ ನಿರ್ಧಾರ ವಿಮಾ ಕಂಪನಿಯದೇ ಆಗಿರಬೇಕು. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಮೇ 29ರಂದು ಹೊರಡಿಸಿದ ಆರೋಗ್ಯ ವಿಮೆಯ ಮಾಸ್ಟರ್ ಸುತ್ತೋಲೆಯ ಪ್ರಕಾರ, ಕಂಪನಿಯ ಒಳಗಿನ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ ಮತ್ತು ಪಾಲಿಸಿಯ ಯಾವ ಷರತ್ತಿನ ಅಡಿಯಲ್ಲಿ ತಿರಸ್ಕರಿಸಲಾಗಿದೆ ಎಂಬುದನ್ನು ಪತ್ರದಲ್ಲಿ ನಿರ್ದಿಷ್ಟವಾಗಿ ತಿಳಿಸಬೇಕು. "ಪಾಲಿಸಿಯ ನಿಯಮಗಳಂತೆ ಸ್ವೀಕಾರಾರ್ಹವಲ್ಲ" ಎಂಬ ಒಂದೇ ಸಾಲಿನ ಮೆಸೇಜ್ ಬಂದಿದ್ದರೆ, ಕಾರಣ ಮತ್ತು ಷರತ್ತಿನ ಸಂಖ್ಯೆ ಇರುವ ಪತ್ರವನ್ನು ಇಮೇಲ್ ಮೂಲಕ ಕೇಳಿ ಪಡೆಯಿರಿ. ಫೋನಿನಲ್ಲಿ ಕೇಳಿದ ವಿವರಣೆಯಿಂದ ಮುಂದೆ ಯಾವ ಪ್ರಯೋಜನವೂ ಇಲ್ಲ.

ಹಂತ 2: ಪತ್ರದೊಳಗಿನ ಮೂರು ವಿಷಯಗಳನ್ನು ಬಿಡಿಸಿಕೊಳ್ಳಿ

ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಎರಡು ಪ್ಯಾರಾಗಳಲ್ಲಿ ಇರುತ್ತದೆ. ನಮ್ಮ ಉದಾಹರಣೆಯ ಪತ್ರದ ತಿರುಳನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: "ಡಿಸ್ಚಾರ್ಜ್ ಸಮರಿಯ ಪ್ರಕಾರ ವಿಮೆದಾರರಿಗೆ 8 ವರ್ಷಗಳಿಂದ ಅಧಿಕ ರಕ್ತದೊತ್ತಡವಿದೆ. ಇದು ಪಾಲಿಸಿ ಆರಂಭಕ್ಕೆ ಮುಂಚಿನದು. ಪ್ರಪೋಸಲ್ ಫಾರ್ಮ್‌ನಲ್ಲಿ ಇದನ್ನು ತಿಳಿಸಿಲ್ಲ. ಪಾಲಿಸಿ 2021ರ ನವೆಂಬರ್‌ನಿಂದ ಜಾರಿಯಲ್ಲಿದ್ದು, ಮಹತ್ವದ ಸಂಗತಿಯನ್ನು ಮರೆಮಾಚಿದ ಕಾರಣ ಕ್ಲೇಮ್ ತಿರಸ್ಕರಿಸಲಾಗಿದೆ."

ಇದರಲ್ಲಿ ಮೂರು ವಿಷಯಗಳಿವೆ. ಮೂರನ್ನೂ ಬೇರೆ ಬೇರೆಯಾಗಿಯೇ ಎದುರಿಸಬೇಕು. ಮೊದಲನೆಯದು ಆರೋಪ: "ನಾನ್ ಡಿಸ್‌ಕ್ಲೋಷರ್", ಅಂದರೆ ಪ್ರಪೋಸಲ್ ಫಾರ್ಮ್ (ಪಾಲಿಸಿ ಕೋರಿ ನೀವು ಸಹಿ ಹಾಕಿದ ಅರ್ಜಿ) ತುಂಬುವಾಗ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡಲಿಲ್ಲ ಎಂಬುದು. ಎರಡನೆಯದು ಸಾಕ್ಷ್ಯ: ಡಿಸ್ಚಾರ್ಜ್ ಸಮರಿಯ ಆ ಒಂದು ಸಾಲು. ಮೂರನೆಯದು ದಿನಾಂಕ: ಪಾಲಿಸಿ ಯಾವಾಗಿನಿಂದ ಇದೆ ಎಂಬ ಕಂಪನಿಯ ಲೆಕ್ಕ. ಹೆಚ್ಚಿನವರು ಆರೋಪಕ್ಕೆ ಮಾತ್ರ ಉತ್ತರಿಸುತ್ತಾರೆ, "ನಾನು ಮುಚ್ಚಿಟ್ಟಿಲ್ಲ, ನಾನು ಪ್ರಾಮಾಣಿಕ" ಎಂದು ಎರಡು ಪುಟ ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಕ್ಲೇಮ್ ಗೆಲ್ಲುವುದು ಉಳಿದೆರಡರಲ್ಲಿ.

"ಪ್ರೀ ಎಕ್ಸಿಸ್ಟಿಂಗ್ ಡಿಸೀಸ್", ಅಂದರೆ ಮೊದಲೇ ಇದ್ದ ಕಾಯಿಲೆ, ಎಂಬ ಪದವೂ ಪತ್ರದಲ್ಲಿ ಇರಬಹುದು. ಈಗಿನ ನಿಯಮದಂತೆ ಪಾಲಿಸಿ ಆರಂಭಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಪತ್ತೆ ಮಾಡಿದ, ಅಥವಾ ಅದೇ ಅವಧಿಯಲ್ಲಿ ಸಲಹೆ ಇಲ್ಲವೇ ಚಿಕಿತ್ಸೆ ಪಡೆದ ಕಾಯಿಲೆಯೇ ಅದು. ಅಂತಹ ಕಾಯಿಲೆಗೆ ಕಂಪನಿಗಳು ವಿಧಿಸಬಹುದಾದ ಕಾಯುವ ಅವಧಿ ಗರಿಷ್ಠ 36 ತಿಂಗಳು. ಕಾಯುವ ಅವಧಿಯೇ ಬೇರೆ, ಮುಚ್ಚಿಟ್ಟ ಆರೋಪವೇ ಬೇರೆ. ನಿಮ್ಮ ಪತ್ರ ಯಾವುದನ್ನು ಹೇಳುತ್ತಿದೆ ಎಂಬುದನ್ನು ಷರತ್ತಿನ ಸಂಖ್ಯೆ ಹಿಡಿದು ಪಾಲಿಸಿ ಪುಸ್ತಕದಲ್ಲಿ ನೋಡಿಕೊಳ್ಳಿ.

ಪತ್ರದಲ್ಲಿ ಬರೆದ ಕಾರಣಗಳಿಗೆ ಕಂಪನಿಯು ಬದ್ಧವಾಗಿರಬೇಕು ಎಂಬುದೂ ತಿಳಿದಿರಲಿ. ತಿರಸ್ಕಾರ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ವ್ಯಾಜ್ಯದ ಹಂತದಲ್ಲಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಮೂಲ ಪತ್ರವನ್ನೂ ಅದು ಬಂದ ಲಕೋಟೆಯನ್ನೂ ಜೋಪಾನ ಮಾಡಿ.

ಹಂತ 3: ದಿನಾಂಕದ ಲೆಕ್ಕ ಮಾಡಿ

ಇದು ಇಡೀ ವಿಷಯದ ಮುಖ್ಯ ಹಂತ. ಆರೋಗ್ಯ ವಿಮೆಯಲ್ಲಿ "ಮೊರಟೋರಿಯಂ" ಎಂಬ ನಿಯಮವಿದೆ. ಬ್ಯಾಂಕ್ ಸಾಲದ ಮೊರಟೋರಿಯಂಗೂ ಇದಕ್ಕೂ ಸಂಬಂಧವಿಲ್ಲ. ಪಾಲಿಸಿ ನಿರಂತರವಾಗಿ 60 ತಿಂಗಳು ನಡೆದ ಮೇಲೆ, ಸಂಗತಿ ತಿಳಿಸಲಿಲ್ಲ ಅಥವಾ ತಪ್ಪಾಗಿ ತಿಳಿಸಿದಿರಿ ಎಂಬ ಕಾರಣಕ್ಕೆ ಕಂಪನಿಯು ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಪ್ರಶ್ನಿಸಬಹುದು. ಮೊದಲು ಈ ಅವಧಿ 8 ವರ್ಷವಿತ್ತು, 2024ರಲ್ಲಿ 5 ವರ್ಷಕ್ಕೆ ಇಳಿಸಲಾಯಿತು. ನಿಮ್ಮ ಇತ್ತೀಚಿನ ನವೀಕರಣದ ಪಾಲಿಸಿ ಪುಸ್ತಕದಲ್ಲಿ "ಮೊರಟೋರಿಯಂ" ಎಂಬ ಷರತ್ತನ್ನು ಹುಡುಕಿ, 60 ತಿಂಗಳು ಎಂದು ಮುದ್ರಿಸಿರುವ ಪುಟದ ಪ್ರತಿ ತೆಗೆದಿಟ್ಟುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಕಂಪನಿಯು 2021ರ ನವೆಂಬರ್‌ನಿಂದ ಎಣಿಸಿದೆ. ಹಾಗೆ ಎಣಿಸಿದರೆ ಆಸ್ಪತ್ರೆಗೆ ಸೇರಿದ ದಿನಕ್ಕೆ 38 ತಿಂಗಳು ಮಾತ್ರ ತುಂಬಿದ್ದವು, ಪ್ರಶ್ನಿಸುವ ಹಕ್ಕು ಕಂಪನಿಗೆ ಇನ್ನೂ ಇತ್ತು. ಆದರೆ ಪೋರ್ಟ್ ಆದ ಪಾಲಿಸಿಯಲ್ಲಿ ಹಿಂದಿನ ಕಂಪನಿಯಲ್ಲಿ ಕಳೆದ ನಿರಂತರ ಅವಧಿಯೂ ಸೇರಬೇಕು. 2018ರ ನವೆಂಬರ್ 18ರಿಂದ 2025ರ ಫೆಬ್ರವರಿ 9ರವರೆಗೆ 74 ತಿಂಗಳು ತುಂಬಿವೆ. ಅಲ್ಲಿಗೆ ಆ ಪತ್ರದ ಆಧಾರವೇ ಕುಸಿಯಿತು. ಇದನ್ನು ತೋರಿಸಲು ಬೇಕಾದದ್ದು ಹಳೆಯ ಕಂಪನಿಯ 2018, 2019 ಮತ್ತು 2020ರ ಪಾಲಿಸಿ ಷೆಡ್ಯೂಲ್‌ಗಳು, ಅಂದರೆ ಹೆಸರು, ಮೊತ್ತ, ಅವಧಿ ಇರುವ ಮೊದಲ ಪುಟ, ಮತ್ತು ಪೋರ್ಟ್ ಕೋರಿಕೆಯ ಪ್ರತಿ. ಕಂಪನಿ ಬದಲಾಯಿತೆಂದು ಹಳೆಯ ಪಾಲಿಸಿಯನ್ನು ಒಲೆಗೆ ಹಾಕಿದವರನ್ನು ನಾನು ಬಲ್ಲೆ. ನಿಮ್ಮ ಬಳಿ ಇಲ್ಲದಿದ್ದರೆ ಹಳೆಯ ಕಂಪನಿಗೆ ಇಮೇಲ್ ಮಾಡಿ ಕೇಳಿ.

ಲೆಕ್ಕದಲ್ಲಿ ಎರಡು ಕಡೆ ಎಡವುವ ಸಂಭವವಿದೆ. ಒಂದು, ನಿರಂತರತೆ. ವಾರ್ಷಿಕ ಪಾಲಿಸಿಯನ್ನು ಅವಧಿ ಮುಗಿದ ಮೇಲಿನ 30 ದಿನಗಳ ರಿಯಾಯಿತಿ ಕಾಲದಲ್ಲಿ ನವೀಕರಿಸಿದರೂ ನಿರಂತರತೆ ಉಳಿಯುತ್ತದೆ. ಅಡಿಕೆ ಮಾರಿದ ಹಣ ಬರಲೆಂದು ಅದನ್ನೂ ದಾಟಿಸಿದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಇನ್ನೊಂದು, ಏರಿಸಿದ ಮೊತ್ತ. 60 ತಿಂಗಳ ರಕ್ಷಣೆ ಮೊದಲ ಪಾಲಿಸಿಯ ಮೊತ್ತಕ್ಕೆ ಅನ್ವಯಿಸುತ್ತದೆ, ಬಳಿಕ ಏರಿಸಿದ ಭಾಗಕ್ಕೆ ಏರಿಸಿದ ದಿನದಿಂದ ಎಣಿಕೆ. ನಮ್ಮ ಬೆಳೆಗಾರರ ಬಿಲ್ಲು 2,36,000, ಮೂಲ ಮೊತ್ತ 3 ಲಕ್ಷ, ಆದ್ದರಿಂದ ತೊಂದರೆಯಿಲ್ಲ. ಬಿಲ್ಲು 4 ಲಕ್ಷವಾಗಿದ್ದರೆ ಮೇಲಿನ 1 ಲಕ್ಷಕ್ಕೆ ಮೊರಟೋರಿಯಂ ರಕ್ಷಣೆ ಸಿಗದೆ, ಮುಂದಿನ ಹಂತದ ಸಾಕ್ಷ್ಯವನ್ನೇ ನಂಬಬೇಕಾಗುತ್ತಿತ್ತು.

ಹಂತ 4: ಆ ಒಂದು ಸಾಲು ಎಲ್ಲಿಂದ ಬಂತೆಂದು ಪತ್ತೆ ಮಾಡಿ

ಡಿಸ್ಚಾರ್ಜ್ ಸಮರಿಯಲ್ಲಿ "ಕೆ/ಸಿ/ಒ ಎಚ್‌ಟಿಎನ್" ಎಂದಿದ್ದರೆ ಅಧಿಕ ರಕ್ತದೊತ್ತಡ ಇದೆಯೆಂದು ತಿಳಿದಿರುವ ರೋಗಿ ಎಂದರ್ಥ. "ಡಿಎಂ" ಎಂದರೆ ಸಕ್ಕರೆ ಕಾಯಿಲೆ. ಮುಂದೆ ಎಷ್ಟು ವರ್ಷದಿಂದ ಎಂದು ಬರೆದಿರುತ್ತಾರೆ. ಈ ಸಾಲು ಯಾವ ಪರೀಕ್ಷೆಯಿಂದಲೂ ಬಂದದ್ದಲ್ಲ. ರೋಗಿಯನ್ನು ಕರೆತಂದ ರಾತ್ರಿ ಡ್ಯೂಟಿ ಡಾಕ್ಟರು ಕೇಳಿದ ಪ್ರಶ್ನೆಗೆ ಜೊತೆಗಿದ್ದವರು ಗಾಬರಿಯಲ್ಲಿ ಹೇಳಿದ ಉತ್ತರ ಅದು. ನಮ್ಮ ಉದಾಹರಣೆಯಲ್ಲಿ ತಂದೆಯನ್ನು ಕರೆತಂದ ಮಗ ತಾಯಿಯ ಬಿಪಿಯ ಲೆಕ್ಕವನ್ನು ಹೇಳಿಬಿಟ್ಟಿದ್ದ. ತಂದೆಗೆ ಮಾತ್ರೆ ಆರಂಭವಾದದ್ದು 2022ರ ಜೂನ್‌ನಲ್ಲಿ.

ಮೊದಲು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಒಳರೋಗಿ ಕಡತದ, ಅಂದರೆ ಕೇಸ್ ಶೀಟಿನ, ಪೂರ್ಣ ಪ್ರತಿ ಕೇಳಿ. ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಾವಳಿ ಹೇಳುತ್ತದೆ. ಅದರ ಮೊದಲ ಪುಟಗಳಲ್ಲಿ ಮಾಹಿತಿ ಕೊಟ್ಟವರು ಯಾರು, ಎಷ್ಟು ವರ್ಷ ಎಂದು ಬರೆದಿದ್ದಾರೆ ಎಂಬುದನ್ನು ನೋಡಿ. ಕ್ಯಾಷುಯಲ್ಟಿಯ ಹಾಳೆಯಲ್ಲಿ 3 ವರ್ಷ, ವಾರ್ಡಿನ ಹಾಳೆಯಲ್ಲಿ 8 ವರ್ಷ ಎಂದಿದ್ದರೆ ಆ ವ್ಯತ್ಯಾಸವೇ ನಿಮಗೆ ಸಾಕ್ಷ್ಯ.

ಬಳಿಕ, ಕಾಯಿಲೆ ನಿಜವಾಗಿ ಯಾವಾಗ ಪತ್ತೆಯಾಯಿತು ಎಂಬುದಕ್ಕೆ ಕಾಗದ ಹುಡುಕಿ: ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಚೀಟಿ, ಕುಟುಂಬ ವೈದ್ಯರ ಪುಸ್ತಕ, ಮೊದಲ ಸಲ ಮಾತ್ರೆ ಕೊಂಡ ಮೆಡಿಕಲ್ ಷಾಪಿನ ಬಿಲ್ಲು. ಅದಕ್ಕೆ ಮುಂಚೆ ಬೇರೆ ಯಾವುದೋ ಕಾರಣಕ್ಕೆ ವೈದ್ಯರ ಬಳಿ ಹೋದಾಗ ಬಿಪಿ 120/80 ಎಂದು ಬರೆದ ಹಳೆಯ ಚೀಟಿ ಸಿಕ್ಕರೆ ಅದರಷ್ಟು ಒಳ್ಳೆಯ ಪುರಾವೆ ಇನ್ನೊಂದಿಲ್ಲ. ಕಂಪ್ಯೂಟರ್ ಬಿಲ್ಲಿನ ನುಣುಪು ಕಾಗದದ ಅಕ್ಷರಗಳು ನಮ್ಮ ಕಡೆಯ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಮಾಸಿ ಹೋಗುತ್ತವೆ. ಸಿಕ್ಕ ಕೂಡಲೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ.

ಕೊನೆಯದಾಗಿ, ಚಿಕಿತ್ಸೆ ಮಾಡಿದ ವೈದ್ಯರಿಂದ ಪ್ರಮಾಣಪತ್ರ ಕೇಳಿ. ರೋಗಿಯ ಒಳರೋಗಿ ಸಂಖ್ಯೆ, ಆ ಸಾಲು ಸಂಬಂಧಿಕರು ಹೇಳಿದ ಮಾತನ್ನು ಆಧರಿಸಿದ್ದೆಂಬುದು, ದಾಖಲೆಗಳ ಪ್ರಕಾರ ಕಾಯಿಲೆ ಪತ್ತೆಯಾದ ದಿನಾಂಕ, ಇಷ್ಟು ಅದರಲ್ಲಿದ್ದರೆ ಸಾಕು. ಡಿಸ್ಚಾರ್ಜ್ ಸಮರಿಯನ್ನೇ ತಿದ್ದಿಸಲು, "8" ಅನ್ನು "3" ಮಾಡಿಸಲು ಎಂದಿಗೂ ಹೋಗಬೇಡಿ. ಮೊದಲ ಪ್ರತಿ ಕಂಪನಿಯ ಬಳಿ ಆಗಲೇ ಇದೆ. ತಿದ್ದಿದ ಪ್ರತಿ ಸಿಕ್ಕ ದಿನವೇ ನಿಮ್ಮ ಪ್ರಕರಣ ಮರೆವಿನಿಂದ ವಂಚನೆಗೆ ಬದಲಾಗುತ್ತದೆ, ಮೊರಟೋರಿಯಂ ರಕ್ಷಣೆಯೂ ಕೈತಪ್ಪುತ್ತದೆ. ಪ್ರಮಾಣಪತ್ರವು ಇಂದಿನ ದಿನಾಂಕದ ಪ್ರತ್ಯೇಕ ಕಾಗದವಾಗಿಯೇ ಇರಲಿ.

ಕಾಯಿಲೆ ನಿಜವಾಗಿಯೂ ಪಾಲಿಸಿಗೆ ಮುಂಚೆಯೇ ಇತ್ತು, ಅರ್ಜಿಯಲ್ಲಿ ತಿಳಿಸಿರಲಿಲ್ಲ, 60 ತಿಂಗಳೂ ತುಂಬಿಲ್ಲ ಎಂದಾದರೆ ನಿಮ್ಮ ಪಕ್ಷ ದುರ್ಬಲ. ಆಗ ಉಳಿಯುವ ಮುಖ್ಯ ಪ್ರಶ್ನೆ, ಆ ಅರ್ಜಿಯಲ್ಲಿ ಈ ಕಾಯಿಲೆಯ ಬಗ್ಗೆ ಪ್ರಶ್ನೆ ಕೇಳಿದ್ದರೇ ಎಂಬುದು. ಪ್ರಪೋಸಲ್ ಫಾರ್ಮ್‌ನ ಪ್ರತಿಯನ್ನು ಕಂಪನಿಯಿಂದ ತರಿಸಿ ಓದಿ. "ಏಜೆಂಟರು ತುಂಬಿದರು, ನಾನು ಸಹಿ ಹಾಕಿದೆ" ಎಂಬ ಮಾತು ನಿಜವೇ ಇರಬಹುದು, ಆದರೆ ಸಹಿ ನಿಮ್ಮದಾದ್ದರಿಂದ ಅದಕ್ಕೆ ಹೆಚ್ಚು ಬೆಲೆ ಸಿಗುವುದಿಲ್ಲ.

ಹಂತ 5: ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ

ಪ್ರತಿ ವಿಮಾ ಕಂಪನಿಯಲ್ಲೂ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ವಿಳಾಸ ಪಾಲಿಸಿ ಪುಸ್ತಕದಲ್ಲಿ ಇರುತ್ತದೆ. ಈ ಹಂತವನ್ನು ಬಿಟ್ಟು ಮೇಲೆ ಹೋದರೆ ಮುಂದಿನ ಕಚೇರಿ ನಿಮ್ಮ ದೂರನ್ನು ತೆಗೆದುಕೊಳ್ಳುವುದಿಲ್ಲ. ಏಜೆಂಟರ ಕೈಗೆ ಕೊಟ್ಟದ್ದು, ಟಿಪಿಎಗೆ ಕಳುಹಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ಪತ್ರ ಒಂದು ಪುಟ ಮೀರಬಾರದು. ನಮ್ಮ ಉದಾಹರಣೆಗೆ ಅದರ ಮುಖ್ಯ ಭಾಗ ಹೀಗಿರಬಹುದು:

"ತಮ್ಮ 24.03.2025ರ ಪತ್ರದಲ್ಲಿ ಪಾಲಿಸಿಯ ಆರಂಭವನ್ನು 2021ರ ನವೆಂಬರ್ ಎಂದು ಎಣಿಸಲಾಗಿದೆ. ಈ ಪಾಲಿಸಿ ಪೋರ್ಟ್ ಆಗಿ ಬಂದಿದ್ದು, 18.11.2018ರಿಂದ ನಿರಂತರವಾಗಿದೆ (ಲಗತ್ತು 1ರಿಂದ 4). ಆಸ್ಪತ್ರೆಗೆ ದಾಖಲಾದ 09.02.2025ಕ್ಕೆ 60 ತಿಂಗಳು ಮೀರಿರುವುದರಿಂದ ಪಾಲಿಸಿಯ ಮೊರಟೋರಿಯಂ ಷರತ್ತಿನ ಪ್ರಕಾರ (ಲಗತ್ತು 5) ಈ ಕಾರಣಕ್ಕೆ ಕ್ಲೇಮ್ ಪ್ರಶ್ನಿಸಲು ಅವಕಾಶವಿಲ್ಲ. ಇದಲ್ಲದೆ, ರಕ್ತದೊತ್ತಡ ಮೊದಲು ಪತ್ತೆಯಾದದ್ದು ಜೂನ್ 2022ರಲ್ಲಿ (ಲಗತ್ತು 6 ಮತ್ತು 7). ಡಿಸ್ಚಾರ್ಜ್ ಸಮರಿಯ ಉಲ್ಲೇಖವಲ್ಲದೆ ಬೇರೆ ಯಾವ ಚಿಕಿತ್ಸಾ ದಾಖಲೆ ತಮ್ಮ ಬಳಿ ಇದೆಯೋ ಅದರ ಪ್ರತಿಯನ್ನು ಕೊಡಬೇಕಾಗಿ ಕೋರುತ್ತೇನೆ."

ಕೊನೆಯ ವಾಕ್ಯವನ್ನು ಬಿಡಬೇಡಿ. ಮುಚ್ಚಿಟ್ಟಿದ್ದಾರೆಂದು ರುಜುವಾತು ಮಾಡುವ ಹೊಣೆ ಕಂಪನಿಯದು. ಹಿಂದಿನ ಚಿಕಿತ್ಸೆಯ ದಾಖಲೆಯೇ ಇಲ್ಲದೆ ಕೇಸ್ ಶೀಟಿನ ಒಂದು ಉಲ್ಲೇಖ ಸಾಲದು ಎಂದು ಗ್ರಾಹಕ ಆಯೋಗಗಳು ಹಲವು ಪ್ರಕರಣಗಳಲ್ಲಿ ಹೇಳಿವೆ.

ಅಧಿಕಾರಿಯು 14 ದಿನಗಳಲ್ಲಿ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲಿ (bimabharosa.irdai.gov.in) ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಪ್ರಾಧಿಕಾರವು ಅಲ್ಲಿ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೇ ಕಳುಹಿಸಿ ಉತ್ತರಿಸುವಂತೆ ನೋಡಿಕೊಳ್ಳುತ್ತದೆ. ಇದನ್ನು ನ್ಯಾಯಾಲಯವೆಂದು ಭಾವಿಸಿ ತಿಂಗಳುಗಟ್ಟಲೆ ಕಾಯಬೇಡಿ.

ಈ ನಡುವೆ ನವೀಕರಣದ ದಿನ ಬಂದರೆ ಪ್ರೀಮಿಯಂ ಕಟ್ಟಿ. ಸಿಟ್ಟಿನಿಂದ ನಿಲ್ಲಿಸಿದರೆ ಇಷ್ಟು ವರ್ಷದ ನಿರಂತರತೆಯನ್ನು ನೀವೇ ಕಳೆದುಕೊಂಡಂತೆ. ತಿರಸ್ಕಾರ ಪತ್ರದಲ್ಲೇ ಪಾಲಿಸಿ ರದ್ದತಿಯ ಸೂಚನೆಯೂ ಇದ್ದರೆ, ಅದನ್ನು ಹಿಂಪಡೆಯುವಂತೆ ಇದೇ ಪತ್ರದಲ್ಲಿ ಪ್ರತ್ಯೇಕವಾಗಿ ಕೇಳಿ.

ಹಂತ 6: ವಿಮಾ ಒಂಬುಡ್ಸ್‌ಮನ್

ಒಂಬುಡ್ಸ್‌ಮನ್ ಎಂದರೆ ವಿಮಾ ವ್ಯಾಜ್ಯಗಳನ್ನು ಶುಲ್ಕವಿಲ್ಲದೆ ತೀರ್ಮಾನಿಸುವ ಲೋಕಪಾಲರು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳು ಇಲ್ಲಿ ಬರುತ್ತವೆ. ಇಡೀ ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ದೂರನ್ನು cioins.co.in ತಾಣದಲ್ಲಿ ಸಲ್ಲಿಸಬಹುದು, ವಿಚಾರಣೆಯನ್ನು ವಿಡಿಯೋ ಮೂಲಕವೂ ನಡೆಸುತ್ತಾರೆ. ಮನೆಯಲ್ಲಿ ಸಿಗ್ನಲ್ ನಿಲ್ಲದಿದ್ದರೆ ಆ ದಿನ ಪೇಟೆಯಲ್ಲಿರುವ ನೆಂಟರ ಮನೆಯಿಂದ ಹಾಜರಾಗುವುದು ಕ್ಷೇಮ.

ಇಲ್ಲಿ ವಕೀಲರಿಗೆ ಪ್ರವೇಶವಿಲ್ಲ, ನೀವೇ ಮಾತನಾಡಬೇಕು. ಕಂಪನಿಯು ನಿಮ್ಮ ಮನವಿಯನ್ನು ತಿರಸ್ಕರಿಸಿದ ಮೇಲೆ, ಅಥವಾ ಮನವಿ ಕಳುಹಿಸಿ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಅದೇ ವಿಷಯ ನ್ಯಾಯಾಲಯದಲ್ಲಾಗಲಿ ಗ್ರಾಹಕ ಆಯೋಗದಲ್ಲಾಗಲಿ ಇರಬಾರದು. ವಿಚಾರಣೆಯಲ್ಲಿ ಸಿಗುವುದು ಕೆಲವೇ ನಿಮಿಷ. 2018ರಿಂದ ಇರುವ ಷೆಡ್ಯೂಲ್‌ಗಳನ್ನು ಮೊದಲು ತೋರಿಸಿ, ಮೊರಟೋರಿಯಂ ಪುಟವನ್ನು ಆಮೇಲೆ, ವೈದ್ಯರ ಪ್ರಮಾಣಪತ್ರವನ್ನು ಕೊನೆಗೆ. ಎದೆನೋವು ಬಂದ ರಾತ್ರಿಯ ಕಥೆಯಿಂದ ಆರಂಭಿಸಿದರೆ ಲೆಕ್ಕ ಹೇಳುವ ಮೊದಲೇ ಸಮಯ ಮುಗಿದಿರುತ್ತದೆ.

ಅಗತ್ಯ ಕಾಗದಗಳೆಲ್ಲ ಸೇರಿದ ಮೂರು ತಿಂಗಳಲ್ಲಿ ತೀರ್ಪು ಬರಬೇಕು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಕಂಪನಿಯು 30 ದಿನಗಳಲ್ಲಿ ಪಾಲಿಸದಿದ್ದರೆ ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿಯನ್ನು ನಿಮಗೆ ಕೊಡಬೇಕೆಂದು 2024ರ ಸುತ್ತೋಲೆ ಹೇಳುತ್ತದೆ.

ಹಂತ 7: ಜಿಲ್ಲಾ ಗ್ರಾಹಕ ಆಯೋಗ

ಒಂಬುಡ್ಸ್‌ಮನ್ ತೀರ್ಪು ನಿಮ್ಮ ವಿರುದ್ಧವಾದರೆ, ಅಥವಾ ಆ ದಾರಿಯೇ ಬೇಡವೆನಿಸಿದರೆ, ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಒಂಬುಡ್ಸ್‌ಮನ್ ನಿಮಗಾದ ನೇರ ನಷ್ಟವನ್ನಷ್ಟೇ ತುಂಬಿಸಿಕೊಡುತ್ತಾರೆ. ಆಯೋಗದಲ್ಲಿ ಮಾನಸಿಕ ಯಾತನೆಗೂ ವ್ಯಾಜ್ಯದ ಖರ್ಚಿಗೂ ಪರಿಹಾರ ಕೇಳಬಹುದು. ಆದರೆ ಇಲ್ಲಿ ಸಮಯ ಹೆಚ್ಚು ಹಿಡಿಯುತ್ತದೆ, ವಕೀಲರ ಕಡ್ಡಾಯವಿಲ್ಲದಿದ್ದರೂ ಅವರ ನೆರವು ಬೇಕೆನಿಸುತ್ತದೆ. ದಾಖಲೆಯಿಂದಲೇ ತೀರ್ಮಾನವಾಗುವ ನಮ್ಮ ಉದಾಹರಣೆಯಂತಹ ಪ್ರಕರಣಕ್ಕೆ ನಾನಾದರೆ ಮೊದಲು ಒಂಬುಡ್ಸ್‌ಮನ್ ಬಳಿಗೇ ಹೋಗುತ್ತೇನೆ. ಹಿಂದೆ ನಿಮಗೆ ಚಿಕಿತ್ಸೆ ಕೊಟ್ಟ ವೈದ್ಯರನ್ನು ಪ್ರಶ್ನಿಸಬೇಕಾದ, ಸಹಿ ಯಾರದೆಂಬ ತಕರಾರಿರುವ ಪ್ರಕರಣ ಆಯೋಗಕ್ಕೆ ಸರಿ.

ಆಯೋಗಕ್ಕೆ ಎರಡು ವರ್ಷದ ಗಡುವಿದೆ, ಅದನ್ನು ತಿರಸ್ಕಾರ ಪತ್ರದ ದಿನದಿಂದಲೇ ಎಣಿಸಿಕೊಳ್ಳಿ. ಒಂಬುಡ್ಸ್‌ಮನ್ ಬಳಿ ಕಳೆದ ಕಾಲ ಇದರಲ್ಲಿ ಬಿಟ್ಟುಹೋಗುತ್ತದೆ ಎಂದು ನಂಬಿ ಕೂರಬೇಡಿ. ನಮ್ಮ ಬೆಳೆಗಾರರ ಮಟ್ಟಿಗೆ ಹೇಳುವುದಾದರೆ: ತಿರಸ್ಕಾರ ಪತ್ರ 2025ರ ಮಾರ್ಚ್ 24ರದು. ಅವರು ಏಪ್ರಿಲ್ 7ರಂದು ಮನವಿ ಕಳುಹಿಸಿ, ಕಂಪನಿಯು ಏಪ್ರಿಲ್ 19ರಂದು ಅದನ್ನು ತಳ್ಳಿಹಾಕಿದರೆ, ಒಂಬುಡ್ಸ್‌ಮನ್‌ಗೆ 2026ರ ಏಪ್ರಿಲ್ 18ರೊಳಗೆ, ಆಯೋಗಕ್ಕೆ 2027ರ ಮಾರ್ಚ್ 23ರೊಳಗೆ ದೂರು ತಲುಪಿರಬೇಕು. ಈ ಎರಡು ದಿನಾಂಕಗಳನ್ನು ತಿರಸ್ಕಾರ ಪತ್ರದ ಜೆರಾಕ್ಸ್ ಪ್ರತಿಯ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ; ಮೂಲ ಪತ್ರದ ಮೇಲೆ ಏನನ್ನೂ ಬರೆಯಬೇಡಿ.